ರಬ್ಬರ್ ಬೇರಿಂಗ್ ಮೇಲೆ ನಾಲ್ಕು ಮಹಡಿ: ಸೀಸ ಎಷ್ಟಿರಬೇಕು ಎಂಬ ಲೆಕ್ಕ

2001ರ ಭೂಕಂಪದಲ್ಲಿ ಕುಸಿದ ಭುಜ್‌ನ ಆಸ್ಪತ್ರೆಯನ್ನು ಮತ್ತೆ ಕಟ್ಟುವಾಗ ಅಡಿಪಾಯಕ್ಕೂ ಕಟ್ಟಡಕ್ಕೂ ನಡುವೆ ಸೀಸದ ತಿರುಳಿರುವ ರಬ್ಬರ್ ಬೇರಿಂಗ್ ಕೂರಿಸಿದರು. ಅದೇ ಬಗೆಯ ಬೇರಿಂಗ್‌ಗೆ ನಾವು ಲೆಕ್ಕ ಹಾಕುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ಭೂಕಂಪ ಅಪಾಯದ ಐದನೇ ವಲಯದ ಮಧ್ಯಮ ಗಟ್ಟಿ ಮಣ್ಣಿನ ಮೇಲಿನ ನಾಲ್ಕು ಮಹಡಿಯ ಕಾಂಕ್ರೀಟ್ ಆಸ್ಪತ್ರೆ. ಬೇರಿಂಗ್ ಮೇಲಿನ ತೂಕ 40,000 ಕಿಲೋನ್ಯೂಟನ್, ಕಂಬಗಳು 40.

ನೆಲಕ್ಕೆ ಬಿಗಿದ ಈ ಕಟ್ಟಡ ಸುಮಾರು 0.5 ಸೆಕೆಂಡಿಗೊಮ್ಮೆ ತೂಗುತ್ತದೆ. ಅಷ್ಟು ಚುರುಕಾದ ಕಟ್ಟಡಕ್ಕೆ ನೆಲದ ಕಂಪನ ಅತಿ ಜೋರಾಗಿ ತಟ್ಟುತ್ತದೆ. ಭಾರತದ ಭೂಕಂಪ ಸಂಹಿತೆ ಐಎಸ್ 1893ರ 2016ರ ಆವೃತ್ತಿಯ ಪ್ರಕಾರ ವಿನ್ಯಾಸದ ಭೂಕಂಪದಲ್ಲಿ ಬರುವ ಬಲ ತೂಕದ 0.45 ಪಾಲು, ಅಂದರೆ 18,000 ಕಿಲೋನ್ಯೂಟನ್. ಒಮ್ಮೆ ತೂಗಲು ಹಿಡಿಯುವ ಅವಧಿ 0.55 ಸೆಕೆಂಡ್ ದಾಟಿದ ಮೇಲೆ ಈ ಬಲ ಅವಧಿಗೆ ವಿಲೋಮವಾಗಿ ಇಳಿಯುತ್ತದೆ. ಅವಧಿ Tಯನ್ನು ನಿರ್ಧರಿಸುವುದು ತೂಕ W ಮತ್ತು ಅಡ್ಡ ಬಿಗುವು K; g ಎಂದರೆ ಗುರುತ್ವ ವೇಗೋತ್ಕರ್ಷ:

```
T = 2π √(W / (g K))
```

ತೂಕವನ್ನು ಬದಲಿಸಲಾಗದು, ಬಿಗುವನ್ನು ಇಳಿಸಬಹುದು. 2.5 ಸೆಕೆಂಡ್ ಬೇಕೆಂದರೆ K ಮಿಲಿಮೀಟರಿಗೆ ಸುಮಾರು 26 ಕಿಲೋನ್ಯೂಟನ್. 500 ಮಿಮೀ ವ್ಯಾಸದ ಮೆದು ರಬ್ಬರಿನಲ್ಲಿ 6 ಮಿಮೀ ದಪ್ಪದ 27 ಪದರ ಹಾಕಿದರೆ 40 ಬೇರಿಂಗ್ ಸೇರಿ 19 ಕೊಡುತ್ತವೆ. ಮಿಕ್ಕ ಬಿಗುವು ಸೀಸದಿಂದ ಬರುತ್ತದೆ. ಪದರಗಳ ನಡುವಿನ ಉಕ್ಕಿನ ತಗಡು ರಬ್ಬರ್ ಉಬ್ಬದಂತೆ ಹಿಡಿಯುವುದರಿಂದ ಅಡ್ಡಕ್ಕೆ ಮೆದುವಾದ ಬೇರಿಂಗ್ ಲಂಬ ಭಾರವನ್ನು ಕುಸಿಯದೆ ಹೊರುತ್ತದೆ.

ಮೊದಲ ಲೆಕ್ಕದಲ್ಲಿ ಸೀಸ ಕಡಿಮೆ ಇಟ್ಟರೆ ಸಾಕೆನಿಸುತ್ತದೆ. ಸೀಸ ಮಣಿಯತೊಡಗುವ ಬಲ, ಅಂದರೆ ಎಲ್ಲ ತಿರುಳುಗಳ ಒಟ್ಟು ಇಳುವರಿ ಬಲ, 755 ಕಿಲೋನ್ಯೂಟನ್ ಎಂದಿಟ್ಟರೆ ಕಂಪನದ ಶಕ್ತಿಯನ್ನು ಹೀರಿ ತಗ್ಗಿಸುವ ಡ್ಯಾಂಪಿಂಗ್ ಶೇ. 15. ವಿನ್ಯಾಸದ ಭೂಕಂಪದಲ್ಲಿ ಕಟ್ಟಡದ ಬುಡಕ್ಕೆ ಬರುವ ಅಡ್ಡ ಬಲ, ಅಂದರೆ ಬೇಸ್ ಶಿಯರ್, 2,900 ಕಿಲೋನ್ಯೂಟನ್‌ಗೆ ಇಳಿಯುತ್ತದೆ, ಬೇರಿಂಗ್ ಅಡ್ಡಕ್ಕೆ ಜರುಗುವ ಸರಿತ 113 ಮಿಮೀ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ.

ಬೇರಿಂಗ್ ಸೋಲುವುದು ಗರಿಷ್ಠ ಭೂಕಂಪದಲ್ಲಿ. ಅಲ್ಲಿ ನೆಲದ ಕಂಪನ ವಿನ್ಯಾಸದ ಭೂಕಂಪದ ಎರಡು ಪಟ್ಟು. ಸರಿತವೂ ಎರಡು ಪಟ್ಟು, 226 ಮಿಮೀ ಎಂದು ಬರೆದುಕೊಂಡರೆ ತಪ್ಪು. ಸೀಸ ಹೀರುವ ಶಕ್ತಿ ಸರಿತದ ಜೊತೆ ನೇರವಾಗಿ ಮಾತ್ರ ಏರುತ್ತದೆ, ಹೀರಬೇಕಾದ ಶಕ್ತಿ ಅದರ ವರ್ಗದಂತೆ ಏರುತ್ತದೆ. ಹೀಗಾಗಿ ಡ್ಯಾಂಪಿಂಗ್ ಶೇ. 7ಕ್ಕೆ ಬೀಳುತ್ತದೆ. ಸರಿತ, ಬಿಗುವು, ಡ್ಯಾಂಪಿಂಗ್ ಮೂರನ್ನೂ ಹೊಂದಿಸುತ್ತ ನಾಲ್ಕೈದು ಸುತ್ತು ಹಾಕಿದಾಗ ಸರಿತ 305 ಮಿಮೀಗೆ ನಿಲ್ಲುತ್ತದೆ. 500 ಮಿಮೀ ಬೇರಿಂಗ್ ಅಷ್ಟು ಸರಿದರೆ ಮೇಲಿನ ಮತ್ತು ಕೆಳಗಿನ ವೃತ್ತಗಳು ಒಂದರ ಮೇಲೊಂದು ಬೀಳುವ ಜಾಗ ಕಾಲುಭಾಗಕ್ಕಿಂತ ತುಸು ಹೆಚ್ಚು. ಅಷ್ಟರ ಮೇಲೆ ಕಂಬದ ಭಾರ ನಿಲ್ಲಿಸಲು ನನಗೆ ಧೈರ್ಯವಿಲ್ಲ.

ಪರಿಹಾರ ಸೀಸ ಹೆಚ್ಚಿಸುವುದು. ಪ್ರತಿ ಬೇರಿಂಗ್‌ಗೆ 80 ಮಿಮೀ ತಿರುಳು ಹಾಕಿದರೆ ಒಂದೊಂದಕ್ಕೆ ಸುಮಾರು 50, ಒಟ್ಟು 2,000 ಕಿಲೋನ್ಯೂಟನ್. ಅದು ತೂಕದ ಶೇ. 5. ಈಗ ಗರಿಷ್ಠ ಭೂಕಂಪದ ಸರಿತ 186 ಮಿಮೀ, ಅವಧಿ ಸುಮಾರು 2.3 ಸೆಕೆಂಡ್. ವಿನ್ಯಾಸದ ಭೂಕಂಪದಲ್ಲಿ ಬೇಸ್ ಶಿಯರ್ 2,900ರಿಂದ 3,240ಕ್ಕೆ ಏರಿತು, ಅಷ್ಟೇ. ಗರಿಷ್ಠ ಭೂಕಂಪದಲ್ಲಾದರೆ ಅದು 6,700ರಿಂದ 5,600ಕ್ಕೆ ಇಳಿಯಿತು. ಗಾಳಿಗೆ ಕಟ್ಟಡ ಅಲುಗದಿರಲೂ ಈ ಸೀಸವೇ ಸಾಕು.

ಬಲ 18,000ದಿಂದ 3,240ಕ್ಕೆ ಇಳಿದರೆ ಕಬ್ಬಿಣವೂ ಐದೂವರೆ ಪಟ್ಟು ಉಳಿಯುತ್ತದೆಯೇ ಎಂದು ಕಟ್ಟಿಸುವವರು ಕೇಳುತ್ತಾರೆ. ಇಲ್ಲ. ಬಿಗಿದ ಕಟ್ಟಡದಲ್ಲೂ ಆ 18,000 ಕಿಲೋನ್ಯೂಟನ್‌ಗೆ ಕಂಬಿ ಕಟ್ಟುವುದಿಲ್ಲ. ಆಸ್ಪತ್ರೆಯ ಮಹತ್ವಕ್ಕೆ 1.5ರಿಂದ ಗುಣಿಸಿ, R ಎಂಬ ರಿಯಾಯಿತಿ ಅಂಕ 5ರಿಂದ ಭಾಗಿಸಿ 5,400ಕ್ಕೆ ಕಟ್ಟುತ್ತೇವೆ. ಮಿಕ್ಕಿದ್ದನ್ನು ತೊಲೆಗಳು ಬಿರುಕು ಬಿಟ್ಟು ತಾಳಿಕೊಳ್ಳಲಿ ಎಂಬ ಒಪ್ಪಂದ ಅದು. ಬೇರಿಂಗ್ ಮೇಲಿನ ಕಟ್ಟಡದಲ್ಲಿ ಆ ರಿಯಾಯಿತಿ ಬಹುಪಾಲು ಇರುವುದಿಲ್ಲ. ಉಳಿತಾಯವಾಗುವುದು ಒಳಗಿನ ಗೋಡೆ, ಆಮ್ಲಜನಕದ ಕೊಳವೆ, ಆಪರೇಷನ್ ಥಿಯೇಟರಿನ ಸಲಕರಣೆ.

ಕೆಸರು ಮಣ್ಣಿದ್ದರೆ ಈ ಲೆಕ್ಕವೇ ಬೇಡ. 1985ರಲ್ಲಿ ಮೆಕ್ಸಿಕೋ ನಗರದ ಹಳೆಯ ಕೆರೆಯ ತಳ ಸುಮಾರು 2 ಸೆಕೆಂಡಿನ ಅವಧಿಯಲ್ಲೇ ಜೋರಾಗಿ ತೂಗಿತು. ಅಂಥ ಕಡೆ ಅವಧಿ ಹಿಗ್ಗಿಸುವುದೆಂದರೆ ಕಟ್ಟಡವನ್ನು ಕಂಪನದ ಬಾಯಿಗೇ ಒಡ್ಡಿದಂತೆ.

ಕೆಲಸ ಮುಗಿದ ಮೇಲೂ ಕೆಡುವ ಜಾಗವೊಂದಿದೆ, ಅದು ಕಟ್ಟಡದ ಸುತ್ತಲಿನ ತೆರಪು. ತಿರುಚುವಿಕೆಯನ್ನೂ ಸೇರಿಸಿ 250 ಮಿಮೀ ಬಿಡುತ್ತೇವೆ. ಆಮೇಲೆ ಯಾರೋ ರ‍್ಯಾಂಪಿಗೆ ಕಾಂಕ್ರೀಟ್ ಸುರಿಯುತ್ತಾರೆ, ಇನ್ಯಾರೋ ನೀರಿನ ಕೊಳವೆಯನ್ನು ಗಟ್ಟಿಯಾಗಿ ಬಿಗಿಯುತ್ತಾರೆ. ತೆರಪು ಮುಚ್ಚಿದ ಕಡೆ ಕಟ್ಟಡ ಮತ್ತೆ ನೆಲಕ್ಕೆ ಬಿಗಿದಂತೆಯೇ. ವರ್ಷಕ್ಕೊಮ್ಮೆ 250 ಮಿಮೀ ಕೋಲು ಹಿಡಿದು ಸುತ್ತ ನಡೆದರೆ ಸಾಕು, ಎಲ್ಲಿ ಸಿಕ್ಕಿಕೊಂಡಿದೆ ಎಂದು ಗೊತ್ತಾಗುತ್ತದೆ.