ಬಿಲ್ಡರ್‌ಗೆ ಬರೆದ ಪತ್ರ: 'ಕ್ಯಾನ್ಸಲ್ ಮಾಡಿ' ಅಂತ ಯಾಕೆ ಬರೆಯಲಿಲ್ಲ

ನಮ್ಮ ಸೇಲ್ ಅಗ್ರಿಮೆಂಟ್ ರಿಜಿಸ್ಟರ್ ಆಗಿದ್ದು 2018ರಲ್ಲಿ. ಫ್ಲ್ಯಾಟ್ ಕೊಡಬೇಕಿದ್ದದ್ದು ಆರು ತಿಂಗಳ ಗ್ರೇಸ್ ಸೇರಿಸಿಯೂ 2021ರ ಜೂನ್‌ಗೆ. 2022ರ ಆಗಸ್ಟ್ ಬಂದರೂ ಲಿಫ್ಟ್ ಇಲ್ಲ, ವಾಸಕ್ಕೆ ಅನುಮತಿ ಕೊಡುವ ಓಸಿಯಂತೂ ಇಲ್ಲವೇ ಇಲ್ಲ. ಸಾಕು ಅನ್ನಿಸಿತು.

ಮೊದಲ ಕರಡಿನಲ್ಲಿ 'ದಯವಿಟ್ಟು ನನ್ನ ಬುಕಿಂಗ್ ಕ್ಯಾನ್ಸಲ್ ಮಾಡಿ' ಅಂತ ಬರೆದಿದ್ದೆ. ವಕೀಲ ಸ್ನೇಹಿತ ಆ ಸಾಲನ್ನೇ ಹೊಡೆದು ಹಾಕಿದ. ಅಗ್ರಿಮೆಂಟ್ ತೆಗೆದು ನೋಡಿದರೆ, ಕೊಳ್ಳುವವರು ತಾವಾಗಿ ರದ್ದು ಮಾಡಿದರೆ ಶೇ. 10 ಮುರಿದುಕೊಳ್ಳುವ ಷರತ್ತು ಇತ್ತು. ನಾನೇ ಹೋಗಿ ಆ ಬಲೆಗೆ ಬೀಳುತ್ತಿದ್ದೆ, ಅಲ್ವಾ?

ಬದಲಿಗೆ, ಮನೆ ಕೊಳ್ಳುವವರ ಹಿತ ಕಾಯುವ ರೇರಾ ಕಾಯ್ದೆಯನ್ನು ಹಿಡಿದು ಹೀಗೆ ಬರೆದೆ: 'ಅಗ್ರಿಮೆಂಟಿನ ದಿನಾಂಕಕ್ಕೆ ನೀವು ಸ್ವಾಧೀನ ಕೊಟ್ಟಿಲ್ಲ. ಆದ್ದರಿಂದ ರೇರಾ ಕಾಯ್ದೆ 2016ರ ಸೆಕ್ಷನ್ 18(1)ರ ಪ್ರಕಾರ ನಾನು ಯೋಜನೆಯಿಂದ ಹಿಂದೆ ಸರಿಯುತ್ತಿದ್ದೇನೆ. ಕಟ್ಟಿದ ಪೂರ್ತಿ ಹಣವನ್ನು ಬಡ್ಡಿ ಸಮೇತ 60 ದಿನಗಳೊಳಗೆ ಕೊಡಿ. ಪರಿಹಾರ ಕೇಳುವ ನನ್ನ ಹಕ್ಕು ಹಾಗೇ ಉಳಿದಿರುತ್ತದೆ.' ತಪ್ಪು ಯಾರದ್ದು ಅನ್ನುವುದು ಮೊದಲ ಸಾಲಿನಲ್ಲೇ ಬಂತು.

ಬಡ್ಡಿಯ ದರವನ್ನು ನಾನು ಊಹಿಸಲಿಲ್ಲ. ಕರ್ನಾಟಕದ ನಿಯಮದಲ್ಲಿ ಅದು ಎಸ್‌ಬಿಐನ ಅತಿ ಹೆಚ್ಚಿನ ಎಂಸಿಎಲ್‌ಆರ್, ಅಂದರೆ ಬ್ಯಾಂಕಿನ ಸಾಲದ ಮೂಲ ದರಕ್ಕೆ, ಶೇ. 2 ಸೇರಿಸಿದಷ್ಟು. ಪತ್ರದಲ್ಲೂ ಹಾಗೇ ಬರೆದೆ. ಲೆಕ್ಕ ಮಾತ್ರ ಕಂತುಕಂತಾಗಿ ಹಾಕಿದೆ, ಯಾಕೆಂದರೆ ಪ್ರತಿ ಕಂತಿಗೂ ಕಟ್ಟಿದ ದಿನದಿಂದ ಬಡ್ಡಿ ಓಡುತ್ತದೆ. ಸುಲಭಕ್ಕೆ ಶೇ. 10 ಅಂತ ಹಿಡಿಯಿರಿ: ನಾಲ್ಕು ವರ್ಷದ ಹಿಂದೆ ಕಟ್ಟಿದ 4 ಲಕ್ಷಕ್ಕೆ 1.6 ಲಕ್ಷ. ಹೋದ ವರ್ಷ ಕಟ್ಟಿದ 4 ಲಕ್ಷಕ್ಕೆ ಬರೀ 40 ಸಾವಿರ. ಪ್ರತಿ ರಸೀದಿಯ ದಿನಾಂಕ ಹಾಕಿದ ಒಂದು ಪಟ್ಟಿಯನ್ನು ಪತ್ರದ ಜೊತೆ ಇಟ್ಟೆ.

ಪತ್ರವನ್ನು ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ, ಅಕ್ನಾಲೆಡ್ಜ್‌ಮೆಂಟ್ ಸಹಿತ ಕಳಿಸಿದೆ. ಅದನ್ನೇ ಇಮೇಲ್ ಕೂಡ ಮಾಡಿದೆ. ಹೋಮ್ ಲೋನ್ ಇದ್ದದ್ದರಿಂದ ಬ್ಯಾಂಕಿಗೂ ಒಂದು ಪ್ರತಿ ಹೋಯಿತು. ಇಎಂಐ ಮಾತ್ರ ನಿಲ್ಲಿಸಲಿಲ್ಲ. ಬಿಲ್ಡರ್ ಜೊತೆ ಜಗಳ ಅಂತ ಬ್ಯಾಂಕು ಸುಮ್ಮನಿರುವುದಿಲ್ಲ, ಸಿಬಿಲ್ ಹಾಳಾಗುವುದು ನಮ್ಮದೇ.

ಹತ್ತು ದಿನಕ್ಕೆ ಉತ್ತರ ಬಂತು: 'ಈ ಕ್ಯಾನ್ಸಲೇಶನ್ ಫಾರ್ಮ್‌ಗೆ ಸಹಿ ಮಾಡಿ ಕಳಿಸಿ.' ಬಹಳ ಸೌಜನ್ಯದ ಪತ್ರ! ಒಳಗೆ ಅದೇ ಶೇ. 10 ಕಡಿತ, ಬಡ್ಡಿಯ ಸುದ್ದಿಯೇ ಇಲ್ಲ. ಸಹಿ ಮಾಡಲಿಲ್ಲ. 'ನನ್ನದು ಸೆಕ್ಷನ್ 18ರ ಬೇಡಿಕೆ, ಈ ಫಾರ್ಮ್ ಅದಕ್ಕೆ ಸಂಬಂಧಿಸಿದ್ದಲ್ಲ' ಅಂತಷ್ಟೇ ಉತ್ತರಿಸಿದೆ. 60 ದಿನ ಕಳೆದ ಮೇಲೆ ಕರ್ನಾಟಕ ರೇರಾ ಪ್ರಾಧಿಕಾರದಲ್ಲಿ ಆನ್‌ಲೈನ್ ದೂರು ಹಾಕಿದೆ. ಪತ್ರ, ಅಕ್ನಾಲೆಡ್ಜ್‌ಮೆಂಟ್ ಕಾರ್ಡು, ಬಡ್ಡಿ ಪಟ್ಟಿ ಹಾಗೇ ದಾಖಲೆಯಾದವು.

ವಿಚಾರಣೆ ನಡೆಯುತ್ತಿರುವಾಗಲೇ ಬಿಲ್ಡರ್ ರಾಜಿಗೆ ಬಂದರು. 'ಮೊದಲು ರದ್ದು ಪತ್ರ ರಿಜಿಸ್ಟರ್ ಮಾಡಿಕೊಡಿ, ಹಣ ಆಮೇಲೆ' ಅಂದರು. ಒಪ್ಪಲಿಲ್ಲ. ಬ್ಯಾಂಕಿನ ಬಾಕಿಗೆ ಒಂದು ಡಿಡಿ, ಉಳಿದದ್ದಕ್ಕೆ ನನ್ನ ಹೆಸರಿಗೆ ಇನ್ನೊಂದು ಡಿಡಿ. ಎರಡೂ ಕೈಗೆ ಬಂದ ಮೇಲೆಯೇ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತಿದೆ.