ದೊಡ್ಡ ಮನೆಗೆ ಎ.ಸಿ.: ಕೋಣೆಗೊಂದು ಸ್ಪ್ಲಿಟ್ಟೋ, ಇಡೀ ಮನೆಗೆ ಒಂದೇ ಔಟ್‌ಡೋರೋ?

ತುಮಕೂರಿನ ಹೊಸ ಬಡಾವಣೆಗಳಲ್ಲಿ ಎರಡು ಮಹಡಿಯ ಮನೆ ಕಟ್ಟಿಸುವವರಲ್ಲಿ ಬಹಳ ಮಂದಿ ಮಾಡುವ ತಪ್ಪು ಒಂದೇ. ಎಲ್ಲ ಕೋಣೆಗಳ ಟನ್ ಲೆಕ್ಕವನ್ನು ಕೂಡಿಸಿ, ಬಂದ ಮೊತ್ತವನ್ನು ಮಾರಾಟಗಾರರ ಮುಂದಿಡುತ್ತಾರೆ. ಅಷ್ಟು ದೊಡ್ಡ ಸಂಖ್ಯೆ ಕಂಡವರು ಇಡೀ ಮನೆಗೆ ಒಂದೇ ಔಟ್‌ಡೋರ್ ಇರುವ ವಿಆರ್‌ಎಫ್ ತೋರಿಸುತ್ತಾರೆ. ಮನೆಯಲ್ಲಿ ಯಾವ ಹೊತ್ತಿನಲ್ಲಿ ಎಷ್ಟು ಕೋಣೆ ತಂಪಾಗಬೇಕು ಎಂದು ಇಬ್ಬರೂ ಕೇಳಿಕೊಳ್ಳುವುದಿಲ್ಲ. ಖರೀದಿಯನ್ನು ತೀರ್ಮಾನಿಸಬೇಕಾದದ್ದು ಆ ಪ್ರಶ್ನೆಯೇ.

ಹಂತ 1: ಮೂರರ ವ್ಯತ್ಯಾಸ ತಿಳಿಯಿರಿ

ಸಿಂಗಲ್ ಸ್ಪ್ಲಿಟ್‌ನಲ್ಲಿ ಒಂದು ಇಂಡೋರ್, ಒಂದು ಔಟ್‌ಡೋರ್. ಮಲ್ಟಿ-ಸ್ಪ್ಲಿಟ್‌ನಲ್ಲಿ ಒಂದೇ ಔಟ್‌ಡೋರ್‌ನಿಂದ ಎರಡರಿಂದ ಐದು ಕೋಣೆಗಳಿಗೆ ಪ್ರತ್ಯೇಕ ತಾಮ್ರದ ಪೈಪ್ ಜೋಡಿ ಹೋಗುತ್ತದೆ. ವಿಆರ್‌ಎಫ್‌ನಲ್ಲಿ ಒಂದು ಮುಖ್ಯ ಪೈಪ್ ಜೋಡಿ ಹೊರಟು ದಾರಿಯಲ್ಲಿ ಕವಲೊಡೆಯುತ್ತಾ ಎಲ್ಲ ಕೋಣೆಗಳನ್ನು ಮುಟ್ಟುತ್ತದೆ. ಎಷ್ಟು ಗ್ಯಾಸ್ ಒಳಗೆ ಬಿಡಬೇಕೆಂಬುದನ್ನು ಪ್ರತಿ ಇಂಡೋರ್‌ನ ಎಲೆಕ್ಟ್ರಾನಿಕ್ ವಾಲ್ವ್ ನಿರ್ಧರಿಸುತ್ತದೆ.

ಹಂತ 2: ಗಂಟೆವಾರು ಪಟ್ಟಿ ಬರೆಯಿರಿ

ಎಲ್ಲರೂ ಎಡವುವುದು ಇಲ್ಲಿಯೇ. ಒಂದು ಹಾಳೆಯ ಎಡಕ್ಕೆ ಕೋಣೆಗಳನ್ನು, ಮೇಲೆ ಗಂಟೆಗಳನ್ನು ಬರೆಯಿರಿ. ಏಪ್ರಿಲ್ ತಿಂಗಳ ಸಾಧಾರಣ ದಿನವೊಂದರಲ್ಲಿ ಯಾವ ಕೋಣೆಯ ಎ.ಸಿ. ಯಾವಾಗ ಓಡುತ್ತದೆ ಎಂದು ಗುರುತು ಹಾಕಿ. ಮದುವೆ, ಗೃಹಪ್ರವೇಶದ ದಿನಗಳನ್ನು ಲೆಕ್ಕಕ್ಕೆ ತರಬೇಡಿ.

ಉದಾಹರಣೆಗೆ ಎಸ್‌ಐಟಿ ಬಡಾವಣೆಯ ಕಡೆ ಒಂದು ಮನೆ ಇದೆ ಎಂದುಕೊಳ್ಳಿ. ಕೆಳಗೆ ಹಾಲ್‌ಗೆ 2 ಟನ್, ಮೇಲಿನ ಕುಳಿತುಕೊಳ್ಳುವ ಜಾಗಕ್ಕೆ ಒಂದೂವರೆ, ದೊಡ್ಡ ಮಲಗುವ ಕೋಣೆಗೆ ಒಂದೂವರೆ, ಉಳಿದ ಮೂರು ಕೋಣೆಗಳಿಗೆ ತಲಾ 1 ಟನ್. ಒಟ್ಟು 8 ಟನ್, ಅಂದರೆ 28 ಕಿಲೋವ್ಯಾಟ್ ತಂಪು. ಇದಕ್ಕೆ 22.4 ಕಿಲೋವ್ಯಾಟ್ ಸಾಮರ್ಥ್ಯದ 8 ಎಚ್‌ಪಿ ವಿಆರ್‌ಎಫ್ ಔಟ್‌ಡೋರ್ ಸೂಚಿಸುತ್ತಾರೆ. ಎಲ್ಲ ಕೋಣೆಗಳೂ ಒಟ್ಟಿಗೆ ಓಡುವುದಿಲ್ಲವೆಂದು ಇಂಡೋರ್‌ಗಳ ಮೊತ್ತವನ್ನು ಔಟ್‌ಡೋರ್‌ಗಿಂತ ಸುಮಾರು ಶೇ 30ರವರೆಗೆ ಹೆಚ್ಚು ಇಡಲು ಸಾಮಾನ್ಯವಾಗಿ ಅವಕಾಶವಿದೆ. ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ.

ಈಗ ಪಟ್ಟಿ ನೋಡಿ. ಮಕ್ಕಳು ಓದಲು ಬೆಂಗಳೂರಿನಲ್ಲಿದ್ದಾರೆ, ಅವರ ಕೋಣೆಗಳು ವಾರಾಂತ್ಯಕ್ಕೆ ಮಾತ್ರ. ಸಂಜೆ ಏಳರಿಂದ ಒಂಬತ್ತೂವರೆವರೆಗೆ ಹಾಲ್ ಓಡುತ್ತದೆ, ಜೊತೆಗೆ ಒಂದು ಮಲಗುವ ಕೋಣೆ. ಅಲ್ಲಿಗೆ 3 ಟನ್. ರಾತ್ರಿ ಎರಡು ಮಲಗುವ ಕೋಣೆಗಳು. ತುಮಕೂರಿನಲ್ಲಿ ಏಪ್ರಿಲ್‌ನ ಹಗಲು ಎಷ್ಟೇ ಸುಟ್ಟರೂ ನಡುರಾತ್ರಿಯ ಮೇಲೆ ಹೊರಗಿನ ಗಾಳಿ ತಂಪಾಗುತ್ತದೆ. ಬಾಗಿಲು ಮುಚ್ಚಿದ, ಆಗಲೇ ತಂಪಾಗಿರುವ ಒಂದು ಕೋಣೆಗೆ ಆಗ ಬೇಕಾಗುವುದು ಸುಮಾರು ಒಂದು ಕಿಲೋವ್ಯಾಟ್ ತಂಪು. ಎರಡು ಕೋಣೆ ಸೇರಿದರೆ ಎರಡು. 22.4 ಕಿಲೋವ್ಯಾಟ್‌ನ ಯಂತ್ರಕ್ಕೆ ಇದು ಹತ್ತನೇ ಒಂದು ಭಾಗಕ್ಕಿಂತ ಕಡಿಮೆ.

ಇನ್ವರ್ಟರ್ ಕಂಪ್ರೆಸರ್ ಎಷ್ಟು ಬೇಕಾದರೂ ನಿಧಾನವಾಗಿ ಓಡಲಾರದು. ತನ್ನ ಕನಿಷ್ಠ ವೇಗಕ್ಕಿಂತ ಬೇಡಿಕೆ ಕೆಳಗಿಳಿದರೆ ಅದು ನಿಂತು, ಮತ್ತೆ ಹೊರಟು, ಮತ್ತೆ ನಿಲ್ಲುತ್ತದೆ. ಇನ್ವರ್ಟರ್‌ಗೆಂದು ಕೊಟ್ಟ ಹಣದ ಲಾಭ ಅಲ್ಲಿಗೆ ಹೋಯಿತು. ರಾತ್ರಿ ಒಂದು ಗಂಟೆಗೆ ಔಟ್‌ಡೋರ್ ಪಕ್ಕದಲ್ಲಿ ಹದಿನೈದು ನಿಮಿಷ ನಿಂತರೆ ಕಿವಿಗೇ ಗೊತ್ತಾಗುತ್ತದೆ. ಅದೇ 1 ಟನ್ನಿನ ಇನ್ವರ್ಟರ್ ಸ್ಪ್ಲಿಟ್ ಸುಮಾರು ಒಂದು ಕಿಲೋವ್ಯಾಟ್‌ವರೆಗೆ ತಗ್ಗಿ ಬೆಳಗಿನವರೆಗೂ ಒಂದೇ ಸಮ ಓಡುತ್ತದೆ. ಕ್ಯಾಟಲಾಗಿನಲ್ಲಿ ‘ಕನಿಷ್ಠ ಸಾಮರ್ಥ್ಯ’ ಎಷ್ಟೆಂದು ನೋಡದೆ ಯಾವ ಯಂತ್ರಕ್ಕೂ ಮುಂಗಡ ಕೊಡಬೇಡಿ.

ಈ ಮನೆಗೆ ನನ್ನ ಉತ್ತರ ಖಚಿತ: ಆರು ಸಿಂಗಲ್ ಸ್ಪ್ಲಿಟ್. ಬಿ.ಎಚ್. ರಸ್ತೆಯಲ್ಲಿ ಕೆಳಗೆ ಕ್ಲಿನಿಕ್, ಮೇಲೆ ಮನೆ ಇರುವ ವೈದ್ಯರ ಕಟ್ಟಡವಾಗಿದ್ದರೆ ಉತ್ತರ ಬೇರೆಯಾಗುತ್ತಿತ್ತು. ಹಗಲು ಕೆಳಗಿನ ಕೋಣೆಗಳು, ರಾತ್ರಿ ಮೇಲಿನವು, ಹೀಗೆ ಅರ್ಧದಷ್ಟು ಹೊರೆ ಯಾವಾಗಲೂ ಇದ್ದರೆ ವಿಆರ್‌ಎಫ್ ತನ್ನ ಬೆಲೆಗೆ ತಕ್ಕ ಕೆಲಸ ಮಾಡುತ್ತದೆ. ತಾರಸಿಯೊಂದೇ ಜಾಗ, ಕೋಣೆಗಳು ಮೂವತ್ತು ನಲವತ್ತು ಮೀಟರ್ ದೂರ ಎಂದಾದರೂ ಅದೇ ಸರಿ. ಅಷ್ಟು ಉದ್ದದ ಪೈಪ್ ಸಾಮಾನ್ಯ ಸ್ಪ್ಲಿಟ್‌ಗೆ ಆಗದು. ಮಲ್ಟಿ-ಸ್ಪ್ಲಿಟ್ ಇರುವುದು ಜಾಗದ ಕೊರತೆಗೆ: ಒಂದೇ ಬಾಲ್ಕನಿ, ಅಕ್ಕಪಕ್ಕದ ಎರಡು ಮೂರು ಕೋಣೆಗಳು. ಸುತ್ತ ಖಾಲಿ ಗೋಡೆ ಇರುವ ಮನೆಗೆ ಅದನ್ನು ಹಾಕಿಸಬೇಡಿ.

ಹಂತ 3: ಕೆಟ್ಟಾಗ ಏನೇನು ನಿಲ್ಲುತ್ತದೆ ನೋಡಿ

ಮಲ್ಟಿ-ಸ್ಪ್ಲಿಟ್‌ನಲ್ಲಾಗಲಿ ವಿಆರ್‌ಎಫ್‌ನಲ್ಲಾಗಲಿ ಔಟ್‌ಡೋರ್ ಬೋರ್ಡ್ ಸುಟ್ಟರೆ ಆ ಸಾಲಿನ ಎಲ್ಲ ಕೋಣೆಗಳೂ ನಿಲ್ಲುತ್ತವೆ. ಮೂರು ಫೇಸ್‌ನ ವಿಆರ್‌ಎಫ್ ಒಂದು ಫೇಸ್ ಹೋದರೂ ನಿಲ್ಲುತ್ತದೆ. ಆರು ಸ್ಪ್ಲಿಟ್‌ಗಳನ್ನು ಫೇಸ್‌ಗೆ ಎರಡರಂತೆ ಹಂಚಿ, ಒಂದೊಂದಕ್ಕೂ ಪ್ರತ್ಯೇಕ ಎಂಸಿಬಿ ಹಾಕಿಸಿದರೆ ನಾಲ್ಕು ಕೋಣೆಗಳು ಓಡುತ್ತಲೇ ಇರುತ್ತವೆ. ಸ್ಪ್ಲಿಟ್ ರಿಪೇರಿಗೆ ಊರಿನ ಮೆಕ್ಯಾನಿಕ್ ಸಾಕು. ವಿಆರ್‌ಎಫ್‌ಗೆ ಆ ಕಂಪನಿಯ ತರಬೇತಿ ಪಡೆದವರೇ ಬರಬೇಕು. ಅವರು ತುಮಕೂರಿನಲ್ಲೇ ಇದ್ದಾರೆಯೇ ಎಂದು ಕೊಳ್ಳುವ ಮುಂಚೆ ಕೇಳಿ.

ಹಂತ 4: ಪ್ಲಾಸ್ಟರ್‌ಗೆ ಮುಂಚೆ ಪೈಪ್ ಪರೀಕ್ಷಿಸಿ

ವಿಆರ್‌ಎಫ್ ಆಯ್ದುಕೊಂಡವರು ಇದನ್ನು ಎರಡು ಸಲ ಓದಿ. ಸ್ಪ್ಲಿಟ್‌ನಲ್ಲಿ ಒಂದು ಕಿಲೋ ಆಸುಪಾಸು ಗ್ಯಾಸ್ ಇರುತ್ತದೆ, ವಿಆರ್‌ಎಫ್‌ನಲ್ಲಿ ಹತ್ತು ಕಿಲೋ ದಾಟಬಹುದು. ಗೋಡೆಯೊಳಗಿನ ಒಂದು ಕೆಟ್ಟ ಬೆಸುಗೆಯಿಂದ ಅಷ್ಟೂ ಸೋರಿಹೋಗುತ್ತದೆ.

ಬೆಸುಗೆ ಹಾಕುವಾಗ ಪೈಪಿನೊಳಗೆ ನೈಟ್ರೋಜನ್ ಸಣ್ಣಗೆ ಹರಿಯುತ್ತಿರಬೇಕು. ಇಲ್ಲದಿದ್ದರೆ ಬಿಸಿ ತಾಮ್ರದ ಒಳಮೈ ಕಪ್ಪಾಗಿ, ಆ ಹಕ್ಕಳೆ ಮುಂದೆ ವಾಲ್ವ್‌ಗಳಲ್ಲಿ ಕಟ್ಟಿಕೊಳ್ಳುತ್ತದೆ. ಕೆಲಸ ಆರಂಭವಾದ ದಿನವೇ ಒಂದು ಮಾದರಿ ಬೆಸುಗೆ ಹಾಕಿಸಿ, ಉದ್ದುದ್ದಕ್ಕೆ ಸೀಳಿಸಿ ನೋಡಿ. ಒಳಮೈ ಹೊಸ ತಾಮ್ರದಂತೆ ಹೊಳೆಯಬೇಕು. ಬೆರಳಿಗೆ ಮಸಿ ಹತ್ತಿದರೆ ಕೆಲಸ ನಿಲ್ಲಿಸಿ.

ಬಳಿಕ ಪೈಪಿಗೆ ಒಣ ನೈಟ್ರೋಜನ್ ತುಂಬಿ 24 ಗಂಟೆ ಬಿಡಬೇಕು. ಒತ್ತಡವನ್ನು ಹಂತಹಂತವಾಗಿ ಏರಿಸಿ ಕಂಪನಿಯ ಕೈಪಿಡಿ ಹೇಳಿದಷ್ಟಕ್ಕೆ ತರಬೇಕು. ಆರ್‌-410ಎ ಗ್ಯಾಸಿನ ವಿಆರ್‌ಎಫ್‌ಗೆ ಅದು ಸಾಮಾನ್ಯವಾಗಿ 40 ಬಾರ್ ಆಸುಪಾಸು. ನೈಟ್ರೋಜನ್ ಬದಲು ಆಮ್ಲಜನಕ ತುಂಬುವುದನ್ನು ಎಂದಿಗೂ ಒಪ್ಪಬೇಡಿ. ಎಣ್ಣೆ ತಗಲಿದರೆ ಅದು ಸ್ಫೋಟಿಸುತ್ತದೆ.

ಮೀಟರ್ ಓದುವಾಗ ಜಗಳಗಳಾಗುತ್ತವೆ. ಮಧ್ಯಾಹ್ನ 34 ಡಿಗ್ರಿಯಲ್ಲಿ 40 ಬಾರ್ ತುಂಬಿ, ಮರುದಿನ ಮುಂಜಾನೆ 22 ಡಿಗ್ರಿಯಲ್ಲಿ ನೋಡಿದರೆ ಮುಳ್ಳು ಸುಮಾರು ಒಂದೂವರೆ ಬಾರ್ ಇಳಿದಿರುತ್ತದೆ. ತಣ್ಣಗಾದ ಅನಿಲದ ಒತ್ತಡ ತಗ್ಗುವುದು ಸಹಜ, ಅದು ಸೋರಿಕೆಯಲ್ಲ. ಆದರೆ ಇದೇ ಮಾತು ಹೇಳಿ ನಿಜವಾದ ಸೋರಿಕೆಯನ್ನು ಮುಚ್ಚಿಹಾಕುವವರೂ ಇದ್ದಾರೆ. ಆದ್ದರಿಂದ ತುಂಬಿದಾಗಿನ ಒತ್ತಡ, ತಾಪಮಾನ, ಹೊತ್ತು ಮೂರನ್ನೂ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆಸಿ, ಮರುದಿನ ಅದೇ ಹೊತ್ತಿಗೆ ನೋಡಿ. ತಾಪಮಾನ ಅಷ್ಟೇ ಇದ್ದೂ ಮುಳ್ಳು ಕೆಳಗಿದ್ದರೆ ಪ್ರತಿ ಬೆಸುಗೆಗೂ ಸೋಪಿನ ನೊರೆ ಹಚ್ಚಿಸಿ ಗುಳ್ಳೆ ಏಳುವ ಜಾಗ ಹುಡುಕಿಸಿ.

ಪೈಪಿನ ಮೇಲಿನ ಹೊದಿಕೆಗೆ ಕಪ್ಪು ನೈಟ್ರೈಲ್ ರಬ್ಬರನ್ನೇ ಕೇಳಿ. ಅಗ್ಗದ ಬಿಳಿ ಫೋಮ್ ಬಿಸಿಲಿಗೆ ಪುಡಿಯಾಗುತ್ತದೆ. ಆಮೇಲೆ ಪೈಪ್ ಬೆವರಿ ಗೋಡೆಗೆ ತೇವ ಇಳಿಯುತ್ತದೆ. ಪೈಪ್ ಕೆಲಸದ ಕೊನೆಯ ಕಂತನ್ನು 24 ಗಂಟೆಯ ಪರೀಕ್ಷೆ ಮುಗಿದ ಮೇಲೆಯೇ ಕೊಡುವುದಾಗಿ ಕರಾರಿನಲ್ಲಿ ಬರೆಸಿ. ಅಲ್ಲಿಯವರೆಗೆ ಗಾರೆ ಮೇಸ್ತ್ರಿಗೆ ಆ ಗೋಡೆ ಮುಟ್ಟದಂತೆ ಹೇಳಿ.