ಬರೆ ಕುಸಿತದ ಸೆಮಿನಾರ್ ವರದಿಯನ್ನು ವಾರ್ತಾಪತ್ರಕ್ಕೆ ಬರೆದದ್ದು: ನನ್ನ ಅನುಭವ

ಕೊಡಗಿನ ಇಂಜಿನಿಯರಿಂಗ್ ಕಾಲೇಜೊಂದರ ಸಿವಿಲ್ ವಿಭಾಗದಲ್ಲಿ ಅಂತಿಮ ವರ್ಷದಲ್ಲಿದ್ದಾಗ, ಮಳೆಯಿಂದ ಬರೆಗಳು, ಅಂದರೆ ಗುಡ್ಡದ ಮಣ್ಣಿನ ಇಳಿಜಾರುಗಳು, ಹೇಗೆ ಕುಸಿಯುತ್ತವೆ ಎಂಬ ವಿಷಯವನ್ನು ನಾನು ತಾಂತ್ರಿಕ ಸೆಮಿನಾರಿಗೆ ಆರಿಸಿಕೊಂಡಿದ್ದೆ. 2018ರ ಆಗಸ್ಟ್ ತಿಂಗಳ ಕುಸಿತಗಳನ್ನು ಕಂಡವರಿಗೆ ಈ ಆಯ್ಕೆಗೆ ಕಾರಣ ಹೇಳಬೇಕಾಗಿಲ್ಲ. ಸೆಮಿನಾರ್ ಮುಗಿದ ಮೇಲೆ ಕಾಲೇಜಿನ ಕನ್ನಡ ವಾರ್ತಾಪತ್ರವನ್ನು ನೋಡಿಕೊಳ್ಳುತ್ತಿದ್ದ ಕನ್ನಡ ಅಧ್ಯಾಪಕರು, ಅದೇ ವಿಷಯವನ್ನು ಬೇರೆ ವಿಭಾಗದ ವಿದ್ಯಾರ್ಥಿಗಳೂ ಓದುವಂತೆ ಒಂದು ಪುಟಕ್ಕೆ, ಅಂದರೆ ಸುಮಾರು 400 ಪದಗಳಿಗೆ, ಬರೆದುಕೊಡಲು ಹೇಳಿದರು. ಇಂಗ್ಲಿಷಿನಲ್ಲಿದ್ದ ನನ್ನ ವರದಿ ಪೀಠಿಕೆ, ಹಿಂದಿನ ಅಧ್ಯಯನಗಳು, ವಿಧಾನ, ಲೆಕ್ಕ, ಫಲಿತಾಂಶ, ಪರಿಹಾರ ಕ್ರಮಗಳು ಎಂಬ ಎಂದಿನ ಕ್ರಮದಲ್ಲಿತ್ತು. ಅದನ್ನು ಸಂಕ್ಷೇಪಿಸಿದರೆ ಪ್ರತಿ ಅಧ್ಯಾಯಕ್ಕೂ ಎರಡೆರಡು ಪೊಳ್ಳು ವಾಕ್ಯಗಳು ಸಿಗುತ್ತವೆಯೇ ಹೊರತು ಲೇಖನವಾಗುವುದಿಲ್ಲ ಎಂಬುದು ಮೊದಲ ಅರ್ಧ ಗಂಟೆಯಲ್ಲೇ ಸ್ಪಷ್ಟವಾಯಿತು. ಆದ್ದರಿಂದ ಇಡೀ ವರದಿಯಲ್ಲಿ ಹೊರಗಿನ ಓದುಗನಿಗೆ ಹೊಸದೆನಿಸುವ ಒಂದೇ ಒಂದು ಸಂಗತಿಯನ್ನು ಹುಡುಕಿ, ಉಳಿದುದನ್ನೆಲ್ಲ ಅದರ ಆಸರೆಗೆ ಎಷ್ಟು ಬೇಕೋ ಅಷ್ಟೇ ಇಟ್ಟುಕೊಳ್ಳುವುದೆಂದು ತೀರ್ಮಾನಿಸಿದೆ.

ಆ ಸಂಗತಿ ಫಲಿತಾಂಶದ ಅಧ್ಯಾಯದ ಒಂದು ಕೋಷ್ಟಕದಲ್ಲಿತ್ತು. ವರದಿಯಲ್ಲಿ ನಾನು ಬಳಸಿದ್ದು ಇಳಿಜಾರಿನ ಸ್ಥಿರತೆಯ ಅತಿ ಸರಳ ಮಾದರಿ. ಇದರಲ್ಲಿ ಗುಡ್ಡದ ಮೇಲಿನ ಮಣ್ಣಿನ ಪದರವು ಒಂದೇ ದಪ್ಪದಲ್ಲಿ ಉದ್ದಕ್ಕೂ ಹಾಸಿದೆ, ಜಾರಿದರೆ ನೆಲಕ್ಕೆ ಸಮಾನಾಂತರವಾಗಿ ಜಾರುತ್ತದೆ, ಒಳಗಿನ ನೀರೂ ಹಾಗೆಯೇ ಹರಿಯುತ್ತದೆ ಎಂದು ಇಟ್ಟುಕೊಳ್ಳುತ್ತಾರೆ. ಸೂತ್ರ ಹೀಗಿದೆ:

```
FS = [c + (γ·z·cos²β − u)·tanφ] / (γ·z·sinβ·cosβ)
```

ಮೇಲಿರುವುದು ಮಣ್ಣನ್ನು ಹಿಡಿದಿಡುವ ಶಕ್ತಿ, ಕೆಳಗಿರುವುದು ಅದನ್ನು ಕೆಳಕ್ಕೆ ಎಳೆಯುವ ಶಕ್ತಿ. ಇವೆರಡರ ಅನುಪಾತ FS ಎಂಬುದೇ ಸುರಕ್ಷತಾ ಗುಣಾಂಕ; ಅದು 1ಕ್ಕಿಂತ ಕೆಳಗಿಳಿದರೆ ಇಳಿಜಾರು ನಿಲ್ಲುವುದಿಲ್ಲ. ಲೆಕ್ಕಕ್ಕಾಗಿ ನಾನು ತೆಗೆದುಕೊಂಡಿದ್ದು ಮಣ್ಣಿನ ದಪ್ಪ z 3 ಮೀಟರ್, ಇಳಿಜಾರಿನ ಕೋನ β 30 ಡಿಗ್ರಿ, ಮಣ್ಣಿನ ತೂಕ γ ಘನಮೀಟರಿಗೆ 18 ಕಿಲೋನ್ಯೂಟನ್, ಅಂಟು c 8 ಕಿಲೋಪಾಸ್ಕಲ್ ಮತ್ತು ಘರ್ಷಣ ಕೋನ φ 30 ಡಿಗ್ರಿ. ಇವು ಪಠ್ಯಪುಸ್ತಕದ ಮಟ್ಟದ ಅಂದಾಜುಗಳೇ ಹೊರತು ಕೊಡಗಿನ ಯಾವುದೋ ಗುಡ್ಡದಿಂದ ಮಣ್ಣು ತಂದು ಅಳೆದ ಬೆಲೆಗಳಲ್ಲ. ಮಣ್ಣಿನ ರಂಧ್ರಗಳಲ್ಲಿ ನೀರಿನ ಒತ್ತಡ u ಇಲ್ಲದಿದ್ದಾಗ ಹಿಡಿಯುವ ಶಕ್ತಿ 31.4, ಎಳೆಯುವ ಶಕ್ತಿ 23.4 ಕಿಲೋಪಾಸ್ಕಲ್, ಗುಣಾಂಕ 1.34. ಪದರದ ಅರ್ಧದವರೆಗೆ ನೀರು ಏರಿದಾಗ ಅದು 1.07ಕ್ಕೂ, ನೀರು ನೆಲದ ಮಟ್ಟಕ್ಕೆ ಬಂದಾಗ 0.80ಕ್ಕೂ ಇಳಿಯುತ್ತದೆ.

ಪರೀಕ್ಷಕರಿಗೆ ಈ ಮೂರು ಅಂಕಿಗಳು ಸಾಕಾಗಿದ್ದವು. ಆದರೆ ಎಲೆಕ್ಟ್ರಾನಿಕ್ಸ್ ಓದುವವನಿಗೆ 1.07 ಎಂಬುದು ಒಳ್ಳೆಯದೋ ಕೆಟ್ಟದ್ದೋ ತಿಳಿಯುವುದಿಲ್ಲ. ತಿಳಿಸಬೇಕಾದರೆ ಗುಣಾಂಕ ಎಂದರೇನು ಎಂಬುದಕ್ಕೇ ಒಂದು ಪ್ಯಾರಾ ಬೇಕು. ಹೀಗಾಗಿ ಲೆಕ್ಕವನ್ನು ತಿರುಗಿಸಿ ಮಾಡಿದೆ. ನೀರು ಇಷ್ಟಿದ್ದರೆ ಗುಣಾಂಕವೆಷ್ಟು ಎಂದು ಕೇಳುವುದನ್ನು ಬಿಟ್ಟು, ಗುಣಾಂಕ ಸರಿಯಾಗಿ 1ಕ್ಕೆ ಬರಬೇಕಾದರೆ ನೀರು ಎಲ್ಲಿಯವರೆಗೆ ಏರಬೇಕು ಎಂದು ಕೇಳಿದೆ. ಆಗ ನೀರಿನ ಒತ್ತಡ 13.9 ಕಿಲೋಪಾಸ್ಕಲ್ ಎಂದೂ, ಅದಕ್ಕೆ ತಕ್ಕ ನೀರಿನ ಮಟ್ಟ ಜಾರುವ ಮೇಲ್ಮೈಯಿಂದ ಸುಮಾರು 1.9 ಮೀಟರ್ ಎಂದೂ ಬಂತು. ಅಂದರೆ ಪದರ ಪೂರ್ತಿ ತುಂಬುವ ಮೊದಲೇ, ನೆಲದಿಂದ ಒಂದು ಮೀಟರಿಗೂ ಹೆಚ್ಚು ಕೆಳಗೆ ನೀರಿರುವಾಗಲೇ, ಮಣ್ಣು ಹಿಡಿತ ಕಳೆದುಕೊಳ್ಳುತ್ತದೆ. ವರದಿಯಲ್ಲಿ ಎಲ್ಲಿಯೂ ಬರೆಯದಿದ್ದ, ಆದರೆ ವರದಿಯ ಅಂಕಿಗಳಿಂದಲೇ ಹುಟ್ಟಿದ ಈ ವಾಕ್ಯ ಲೇಖನದ ಮೊದಲ ಸಾಲಾಯಿತು: "ಮೇಲಿನ ನೆಲ ನೋಡಲು ಗಟ್ಟಿಯಾಗಿರುವಾಗಲೇ, ಕಣ್ಣಿಗೆ ಕಾಣದಷ್ಟು ಆಳದಲ್ಲಿ ಏರಿದ ನೀರು ಬರೆಯನ್ನು ಕೆಡವಬಲ್ಲದು." ಸೂತ್ರ, ಕೋಷ್ಟಕ ಎರಡನ್ನೂ ಲೇಖನದಿಂದ ತೆಗೆದುಹಾಕಿದೆ. ಉಳಿದ ಅಂಕಿಗಳು 3 ಮೀಟರ್ ಮತ್ತು 1.9 ಮೀಟರ್ ಮಾತ್ರ.

ನಂತರದ ಪ್ಯಾರಾ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು, ಏಕೆಂದರೆ ಸರಳವಾಗಿ ಹೇಳಹೊರಟಾಗ ಭೌತಶಾಸ್ತ್ರ ತಪ್ಪುವುದು ಇಲ್ಲಿಯೇ. ನೀರು ಮಣ್ಣನ್ನು ಜಾರುವಂತೆ ಮಾಡುತ್ತದೆ, ಎಣ್ಣೆ ಹಚ್ಚಿದಂತೆ ಕೆಲಸ ಮಾಡುತ್ತದೆ ಎಂಬ ವಿವರಣೆ ಎಲ್ಲರ ನಾಲಿಗೆಯ ತುದಿಯಲ್ಲಿದೆ. ಇನ್ನು ಕೆಲವರು ನೆನೆದ ಮಣ್ಣು ಭಾರವಾಗಿ ಬೀಳುತ್ತದೆ ಎನ್ನುತ್ತಾರೆ. ಭಾರ ಹೆಚ್ಚುವುದು ನಿಜವಾದರೂ ಈ ಮಾದರಿಯಲ್ಲಿ ಅದು ಎಳೆತವನ್ನೂ ಹೆಚ್ಚಿಸುತ್ತದೆ, ಘರ್ಷಣೆಯನ್ನೂ ಹೆಚ್ಚಿಸುತ್ತದೆ. ನನ್ನ ಲೆಕ್ಕದಲ್ಲಿ ನಾನು ಮಣ್ಣಿನ ತೂಕವನ್ನು ಬದಲಿಸಿಯೇ ಇರಲಿಲ್ಲ, ಆದರೂ ಗುಣಾಂಕ 0.80ಕ್ಕೆ ಇಳಿದಿತ್ತು. ಇಳಿಸಿದ್ದು ಸೂತ್ರದಲ್ಲಿ ಕಳೆಯುವ ಚಿಹ್ನೆಯ ಮುಂದಿರುವ u, ಅಂದರೆ ರಂಧ್ರಗಳಲ್ಲಿನ ನೀರಿನ ಒತ್ತಡ. ಅದು ಕಣಕಣಗಳ ನಡುವಿನ ಅದುಮುವಿಕೆಯನ್ನು ಕಡಿಮೆ ಮಾಡುತ್ತದೆ, ಅದುಮುವಿಕೆ ಕಡಿಮೆಯಾದಷ್ಟೂ ಘರ್ಷಣೆ ಕಡಿಮೆಯಾಗುತ್ತದೆ. ಇದನ್ನು ಹೇಳಲು ನಾನು ಆರಿಸಿದ ಹೋಲಿಕೆ ಬಾವಿಯ ಕೊಡದ್ದು. ತುಂಬಿದ ಕೊಡ ನೀರಿನೊಳಗೆ ಇರುವವರೆಗೆ ಹಗ್ಗಕ್ಕೆ ಹಗುರವಾಗಿರುತ್ತದೆ, ಮೇಲೆ ಬಂದ ಕೂಡಲೇ ಭಾರ ಗೊತ್ತಾಗುತ್ತದೆ. ಹಾಗೆಯೇ ನೀರಿನಲ್ಲಿ ಮುಳುಗಿದ ಮಣ್ಣಿನ ಕಣಗಳು ಕೆಳಗಿನ ಕಣಗಳ ಮೇಲೆ ಮೊದಲಿನಷ್ಟು ಭಾರ ಹಾಕುವುದಿಲ್ಲ. ಹೋಲಿಕೆ ಇಲ್ಲಿಗೆ ನಿಲ್ಲಬೇಕು. ಇಡೀ ಪದರವೇ ಹಗುರವಾಯಿತೆಂದು ಓದುಗ ತಿಳಿದರೆ ಎಳೆತವೂ ಕಡಿಮೆಯಾಗಬೇಕಲ್ಲ ಎಂಬ ಪ್ರಶ್ನೆ ಏಳುತ್ತದೆ. ಅದಕ್ಕಾಗಿ ಕೂಡಲೇ ಒಂದು ವಾಕ್ಯ ಸೇರಿಸಿದೆ: "ಗುಡ್ಡವನ್ನು ಕೆಳಗೆಳೆಯುವ ಭಾರ ಹಾಗೆಯೇ ಇರುತ್ತದೆ, ಅದನ್ನು ಹಿಡಿದಿಡುವ ಹಿಡಿತ ಮಾತ್ರ ಸಡಿಲುತ್ತದೆ." ನನ್ನ ಮಾರ್ಗದರ್ಶಕಿ ಮೇಡಂ ಕರಡಿನಲ್ಲಿ ಗುರುತು ಹಾಕದೆ ಬಿಟ್ಟ ಏಕೈಕ ಪ್ಯಾರಾ ಇದು.

ಕರಡನ್ನು ಕಂಪ್ಯೂಟರ್ ವಿಜ್ಞಾನ ವಿಭಾಗದ ಗೆಳತಿಯೊಬ್ಬಳಿಗೆ ಓದಲು ಕೊಟ್ಟೆ. ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎಂಬ ಉತ್ತರವೇ ಬರುವುದರಿಂದ, ಹಾಳೆಯನ್ನು ವಾಪಸು ಪಡೆದು, ಓದಿದ್ದನ್ನು ಅವಳ ಮಾತಿನಲ್ಲಿ ಹೇಳಲು ಕೇಳಿದೆ. ಅವಳು ಕೊಡದ ಹೋಲಿಕೆಯವರೆಗೆ ಸರಿಯಾಗಿ ಹೇಳಿ, "ಹಾಗಾದರೆ ಮಳೆ ನಿಂತ ಮೇಲೆ ಹೆದರಿಕೆ ಇಲ್ಲ ಅಂತಾಯ್ತಲ್ಲ" ಎಂದಳು. ನಾನು ಹಾಗೆ ಬರೆದಿರಲಿಲ್ಲ, ಆದರೆ ಹಾಗಲ್ಲವೆಂದೂ ಬರೆದಿರಲಿಲ್ಲ. ವರದಿಯಲ್ಲಿ ಈ ಸಂಗತಿ ಹಿಂದಿನ ಅಧ್ಯಯನಗಳ ಅಧ್ಯಾಯದಲ್ಲಿ, ಒಳಗಿಳಿದ ನೀರಿನ ವಿಳಂಬದ ಚರ್ಚೆಯಾಗಿ ಇತ್ತು. ಆ ಅಧ್ಯಾಯವನ್ನು ಪೂರ್ತಿ ಬಿಟ್ಟಿದ್ದರಿಂದ ಇದೂ ಹೋಗಿತ್ತು. ಮೇಲೆ ಬಿದ್ದ ನೀರು ಮಣ್ಣಿನೊಳಗೆ ಇಳಿದು, ಇಳಿಜಾರಿನ ಮೇಲ್ಭಾಗದಿಂದಲೂ ಹರಿದು ಬಂದು ಸೇರಲು ಸಮಯ ಬೇಕಾಗುವುದರಿಂದ, ಒಳಗಿನ ಮಟ್ಟ ಮಳೆ ನಿಂತ ಮೇಲೂ ಏರುತ್ತಿರಬಹುದು ಎಂಬ ಎರಡು ವಾಕ್ಯಗಳನ್ನು ಸೇರಿಸಿ, ಜಾಗಕ್ಕಾಗಿ ತಡೆಗೋಡೆಗಳ ಪ್ಯಾರಾವನ್ನು ಕೈಬಿಟ್ಟೆ. ತಡೆಗೋಡೆ ಕಟ್ಟುವವರು ವಾರ್ತಾಪತ್ರ ನೋಡಿ ಕಟ್ಟುವುದಿಲ್ಲ.

ಅವಳ ಎರಡನೆಯ ಪ್ರಶ್ನೆ ಇನ್ನೂ ಕಠಿಣವಾಗಿತ್ತು. ಅವರ ಮನೆ ಸೋಮವಾರಪೇಟೆಯ ಕಡೆ. ಕೊಡಗಿನ ಬಹಳಷ್ಟು ತೋಟದ ಮನೆಗಳಲ್ಲಿರುವಂತೆ ಅಲ್ಲಿಯೂ ಮಳೆಮಾಪಕವಿದ್ದು, ಅವಳ ತಂದೆ ದಿನದ ಮಳೆಯನ್ನು ಇಂಚು ಮತ್ತು ಇಂಚಿನ ನೂರನೆಯ ಒಂದು ಭಾಗವಾದ ಸೆಂಟಿನಲ್ಲಿ ಬರೆದಿಡುತ್ತಾರೆ. "ನಿನ್ನ ಆ 1.9 ಮೀಟರಿಗೆ ಎಷ್ಟು ಇಂಚು ಮಳೆ ಬೀಳಬೇಕು?" ಎಂದು ಕೇಳಿದಳು. ಸುಲಭದ ಲೆಕ್ಕವೊಂದಿದೆ. ಮಣ್ಣಿನಲ್ಲಿ ನೀರು ಹೊಸದಾಗಿ ತುಂಬಬಲ್ಲ ಖಾಲಿ ಜಾಗ ಹತ್ತನೆಯ ಒಂದು ಭಾಗವೆಂದು ಇಟ್ಟುಕೊಂಡರೆ, 1.9 ಮೀಟರ್ ಏರಲು 190 ಮಿಲಿಮೀಟರ್, ಅಂದರೆ ಸುಮಾರು ಏಳೂವರೆ ಇಂಚು ನೀರು ಒಳಗಿಳಿಯಬೇಕು. ಈ ಅಂಕಿ ಲೇಖನಕ್ಕೆ ಹೇಳಿ ಮಾಡಿಸಿದಂತಿತ್ತು, ಮತ್ತು ಅದೇ ಕಾರಣಕ್ಕೆ ನಾನು ಅದನ್ನು ಹಾಕಲಿಲ್ಲ. ಬಿದ್ದ ಮಳೆಯೆಲ್ಲ ಒಳಗಿಳಿಯುವುದಿಲ್ಲ, ಒಂದು ಪಾಲು ಮೇಲೆಯೇ ಹರಿದುಹೋಗುತ್ತದೆ. ಮಣ್ಣು ಮೊದಲೇ ಎಷ್ಟು ನೆನೆದಿದೆ ಎಂಬುದರ ಮೇಲೆ ಖಾಲಿ ಜಾಗ ಬದಲಾಗುತ್ತದೆ. ಏರಿದ ನೀರು ಕೆಳಗೆ ಬಸಿದುಹೋಗುತ್ತಲೂ ಇರುತ್ತದೆ. ಈ ಮೂರನ್ನೂ ಹೇಳದೆ ಏಳೂವರೆ ಇಂಚು ಎಂದು ಅಚ್ಚುಹಾಕಿದರೆ, ಆರು ಇಂಚು ಬಿದ್ದ ದಿನ ಯಾರೋ ಒಬ್ಬರು ಬರೆಯ ಕೆಳಗೆ ಧೈರ್ಯವಾಗಿ ಮಲಗುತ್ತಾರೆ. ಓದುಗರು ಮಾಪಕದ ಪಕ್ಕದಲ್ಲಿ ಬರೆದಿಟ್ಟುಕೊಳ್ಳಬಹುದಾದ ಅಂಕಿಯನ್ನು ಕೊಡುವ ಅಧಿಕಾರ ಸರಳ ಮಾದರಿಯ ಸೆಮಿನಾರ್ ವರದಿಗೆ ಇಲ್ಲ. ಅದರ ಬದಲು, ಒಂದು ದಿನದ ಮಳೆಗಿಂತ ಅದರ ಹಿಂದಿನ ದಿನಗಳ ಮಳೆಯನ್ನೂ ಕೂಡಿಸಿ ನೋಡಬೇಕು ಎಂದು ಬರೆದೆ. ತೋಟದ ಡೈರಿಯಿರುವ ಮನೆಯವರಿಗೆ ಅದು ಅರ್ಥವಾಗುವ ಮಾತು.

ಮಾದರಿಯ ಮಿತಿಗಳಿಗೆ ವರದಿಯಲ್ಲಿ ಒಂದು ಪುಟವಿತ್ತು. ಲೇಖನದಲ್ಲಿ ಅವುಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡೆ. ಮನೆಗೋ ರಸ್ತೆಗೋ ಗುಡ್ಡದ ಬುಡವನ್ನು ನೇರವಾಗಿ ಕಡಿದಿದ್ದರೆ ನನ್ನ ಲೆಕ್ಕ ಅಲ್ಲಿಗೆ ಅನ್ವಯಿಸುವುದಿಲ್ಲ, ಏಕೆಂದರೆ ಒಂದೇ ಸಮನೆ ಹಾಸಿದ ಪದರವೆಂಬ ಊಹೆಯೇ ಅಲ್ಲಿ ಮುರಿಯುತ್ತದೆ, ಮತ್ತು ಅಂಥ ಬರೆ ಇನ್ನೂ ಕಡಿಮೆ ನೀರಿಗೇ ಕುಸಿಯಬಹುದು. ಓದುಗರಲ್ಲಿ ಹೆಚ್ಚಿನವರು ದಿನವೂ ಕಾಣುವುದು ಕಡಿದ ಬರೆಗಳನ್ನೇ ಆದ್ದರಿಂದ, ಈ ಮಿತಿಯನ್ನು ಕೊನೆಗೆ ತಳ್ಳದೆ 1.9 ಮೀಟರ್ ಎಂಬ ಅಂಕಿಯ ಬೆನ್ನಿಗೇ ಇಟ್ಟೆ.

ಶೀರ್ಷಿಕೆ ಮತ್ತು ಚಿತ್ರದ ವಿಷಯದಲ್ಲಿ ಸಣ್ಣ ಚರ್ಚೆ ನಡೆಯಿತು. ಕೊಡಗು ಮತ್ತೆ ಕುಸಿಯುವುದೇ ಎಂಬರ್ಥದ ಶೀರ್ಷಿಕೆಯನ್ನು ಸಂಪಾದಕ ಬಳಗ ಸೂಚಿಸಿತ್ತು. ಲೇಖನ ಆ ಪ್ರಶ್ನೆಗೆ ಉತ್ತರಿಸುವುದಿಲ್ಲವೆಂದು ಹೇಳಿ "ಬರೆಯೊಳಗೆ ಏರುವ ನೀರು" ಎಂದು ಬದಲಿಸಲು ಕೇಳಿಕೊಂಡೆ. ವರದಿಯಲ್ಲಿದ್ದ ಕುಸಿದ ಮನೆಯ ಛಾಯಾಚಿತ್ರವನ್ನೂ ಕೊಡಲಿಲ್ಲ. ಪರೀಕ್ಷಕರ ಕೈಗೆ ಹೋಗುವ ವರದಿಯಲ್ಲಿ ಅದು ದಾಖಲೆ. 2018ರಲ್ಲಿ ಮನೆ ಕಳೆದುಕೊಂಡ ಊರುಗಳಿಂದ ಬಂದ ವಿದ್ಯಾರ್ಥಿಗಳು ಕ್ಯಾಂಟೀನಿನಲ್ಲಿ ಕುಳಿತು ಓದುವ ಹಾಳೆಯಲ್ಲಿ ಹಾಗಲ್ಲ. ಅದರ ಜಾಗದಲ್ಲಿ ಇಳಿಜಾರಿನ ಅಡ್ಡಸೀಳಿಕೆಯ ಗೆರೆಚಿತ್ರವೊಂದನ್ನು ಬರೆದು, ಬಂಡೆ, ಮಣ್ಣು, ನೀರಿನ ಮಟ್ಟ ಎಂದು ಮೂರೇ ಹೆಸರು ಹಾಕಿದೆ. ಮೂಲ ಚಿತ್ರದಲ್ಲಿದ್ದ ಬಲಗಳ ಬಾಣಗಳನ್ನು ಅಳಿಸಿದೆ, ಏಕೆಂದರೆ ಹೊರಗಿನವರು ಬಾಣವನ್ನು ಕಂಡರೆ ಏನೋ ಆ ಕಡೆಗೆ ಚಲಿಸುತ್ತಿದೆ ಎಂದೇ ಓದುತ್ತಾರೆ.

ಕೊನೆಯ ಪ್ಯಾರಾಕ್ಕೆ ವಸ್ತು ಸಿಕ್ಕಿದ್ದು ವರದಿಯ ಅನುಬಂಧದಲ್ಲಿ, ಸ್ಥಳ ಪರಿಶೀಲನೆಯ ನಮೂನೆಯೊಂದರಲ್ಲಿ. ನೆಲದಲ್ಲಿ ಅಥವಾ ಗೋಡೆಯಲ್ಲಿ ಹೊಸದಾಗಿ ಮೂಡಿದ ಬಿರುಕು, ವಾಲತೊಡಗಿದ ಮರ ಅಥವಾ ವಿದ್ಯುತ್ ಕಂಬ, ಮೊದಲಿಲ್ಲದ ಕಡೆ ಬರೆಯ ಬುಡದಲ್ಲಿ ಕಾಣಿಸಿಕೊಂಡ ಒರತೆ, ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪಾಗುವುದು, ಇವುಗಳಿಗೆ ಸೆಮಿನಾರಿನಲ್ಲಿ ಅಂಕವೇನೂ ಇರಲಿಲ್ಲ. ಓದುಗ ತಾನೇ ನೋಡಬಹುದಾದದ್ದು ಇವಷ್ಟೇ ಆದ್ದರಿಂದ ನಾಲ್ಕನ್ನೂ ಹಾಕಿದೆ. "ಇವು ಕಂಡರೆ ಖಂಡಿತ ಕುಸಿಯುತ್ತದೆ" ಎಂದಿದ್ದ ಕಡೆ ಮೇಡಂ "ಖಂಡಿತ" ಎಂಬುದನ್ನು ಹೊಡೆದುಹಾಕಿದರು. ಹೊಡೆದ ಮೇಲೂ ವಾಕ್ಯ ಸರಿಯೆನಿಸದೆ, "ಇವುಗಳಲ್ಲಿ ಒಂದು ಕಂಡರೂ ಕಾರಣ ತಿಳಿಯುವವರೆಗೆ ಆ ಬರೆಯ ಕೆಳಗೆ ಇರಬಾರದು, ಪಂಚಾಯಿತಿಗೆ ತಿಳಿಸಬೇಕು" ಎಂದು ತಿದ್ದಿ ಮುದ್ರಣಕ್ಕೆ ಕೊಟ್ಟೆ.